ಮೂರನೇ ಸಿಲಿಂಡರ್

ಆ ಕಾರು ಬಂದಾಗ ನಾನು ಮೇಸ್ತ್ರಿ ಹತ್ತಿರ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಎಲ್ಲಾ ಗೊತ್ತಿದೆ ಅಂತ ಅನ್ನಿಸೋಕೆ ಏಳು ತಿಂಗಳು ಸಾಕು, ನೋಡಿ.

ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಗ್ಯಾಸ್ ಕಿಟ್ ಹಾಕಿಸಿದ್ದರು. ಬೆಳಗ್ಗೆ ತಣ್ಣಗಿರುವಾಗ ಬೆಣ್ಣೆಯಂತೆ ಸ್ಟಾರ್ಟ್ ಆಗುತ್ತೆ, ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಮಿಸ್ಸಿಂಗ್ ಶುರು. ಸ್ಟೀರಿಂಗ್, ಸೀಟು ಎಲ್ಲಾ ನಡುಗುತ್ತೆ. ಸ್ವಲ್ಪ ರೇಸ್ ಮಾಡಿದರೆ ಮಾಯ. ಓನರ್ ಈಗಾಗಲೇ ಎರಡು ಕಡೆ ತೋರಿಸಿ ಬಂದಿದ್ದರು. ಪ್ಲಗ್ ಹೊಸದು, ಅದಕ್ಕೆ ಕರೆಂಟ್ ಕೊಡೋ ಕಾಯಿಲ್ ಹೊಸದು, ಇಂಜೆಕ್ಟರ್ ಕ್ಲೀನ್ ಆಗಿದೆ, ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ನೋಡಿ "ಓಕೆ" ಅಂತ ಬಿಲ್ಲಿನ ಹಿಂದೆ ಬರೆದೂ ಕೊಟ್ಟಿದ್ದಾರೆ. ಮಿಸ್ಸಿಂಗ್ ಮಾತ್ರ ಹಾಗೇ ಇದೆ.

ನಾನು ಸ್ಕ್ಯಾನರ್ ಹಾಕಿದೆ. P0303. "ಮೂರನೇ ಸಿಲಿಂಡರ್, ಮೇಸ್ತ್ರೀ! ಕಾಯಿಲ್ ಡುಪ್ಲಿಕೇಟ್ ಹಾಕಿರಬೇಕು" ಅಂದೆ.

"ಎಲ್ಲಿ ನೋವು ಅಂತ ಹೇಳ್ತಿದೆ ಅದು. ಯಾಕೆ ಅಂತ ಹೇಳಿದೆಯಾ?" ಅಂದರು. ಎಂಜಿನ್ ಆಫ್ ಮಾಡಿಸಿ, ಬಾನೆಟ್ ತೆಗೆದಿಟ್ಟು, ಪೂರ್ತಿ ಆರೋವರೆಗೆ ಯಾರೂ ಮುಟ್ಟಬೇಡಿ ಅಂದುಬಿಟ್ಟರು. ನನಗೆ ಒಳಗೊಳಗೇ ಕೋಪ. ಕಾಯಿಲ್ ಬದಲಿಸೋದು ಐದು ನಿಮಿಷದ ಕೆಲಸ.

ಸಂಜೆ ಹೊತ್ತಿಗೆ ಎಂಜಿನ್ ಆರಿತ್ತು. ಸ್ಟಾರ್ಟ್ ಮಾಡಿದೆ, ಚೆನ್ನಾಗೇ ಓಡಿತು. ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಒಂದೊಂದೇ ಇಂಜೆಕ್ಟರ್ ಮೇಲೆ ಇಟ್ಟು ಕೇಳಿದರು. ಆಮೇಲೆ ಟ್ಯಾಪೆಟ್ ಕವರ್ ಉದ್ದಕ್ಕೂ ಇಟ್ಟು ಕೇಳಿದರು. ಮೂರನೇ ಸಿಲಿಂಡರ್ ಹತ್ತಿರ ತುಂಬಾ ಹೊತ್ತು ನಿಂತರು. ನನ್ನ ಕೈಗೂ ಕೊಟ್ಟರು.

"ಏನು ಕೇಳಿಸ್ತು?"

"ಇಂಜೆಕ್ಟರ್ ನಾಲ್ಕೂ ಟಿಕ್ ಟಿಕ್ ಅಂತಿವೆ. ಮೇಲೆ ಟ್ಯಾಪೆಟ್ ಸದ್ದು, ಅಷ್ಟೇ. ಮೂರರಲ್ಲಿ ಏನೂ ಕೆಟ್ಟ ಸದ್ದಿಲ್ಲ."

"ಹೂಂ. ಇದನ್ನ ನೆನಪಿಟ್ಟುಕೋ" ಅಂದರು. ಯಾಕೆ ಅಂತ ಹೇಳಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ಎಂಜಿನ್ ನಡುಗೋಕೆ ಶುರುವಾಯಿತು. ಮೇಸ್ತ್ರಿ ಒಂದು ಹಾಳೆ ಹರಿದು ಸೈಲೆನ್ಸರ್ ಬಾಯಿಗೆ ಅಡ್ಡ ಹಿಡಿ ಅಂದರು. ಹಾಳೆ ಪಟಪಟ ಹೊರಗೆ ಬಡಿಯುತ್ತಿತ್ತು, ನಡುನಡುವೆ ಒಂದು ಕ್ಷಣ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮತ್ತೆ ಬಡಿತ, ಮತ್ತೆ ಎಳೆತ, ಲೆಕ್ಕ ಹಾಕಿದಂತೆ. "ಸುಮ್ನೆ ಯಾವಾಗಲೋ ಬಿಡ್ತಾ ಇಲ್ಲ ಇದು. ಒಂದೇ ಸಿಲಿಂಡರ್, ಪ್ರತಿ ಸುತ್ತಿಗೂ ಬಿಡ್ತಿದೆ."

ಮುಂದೆ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಕಾಯಿಲ್ ತೆಗೆಯೋಕೆ ಅವರು ಬಿಡಲಿಲ್ಲ. ಕರೆಂಟ್ ಹೊಡೆಯುತ್ತೆ, ಜೊತೆಗೆ ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತೆ. ಒಂದು, ಎರಡು, ನಾಲ್ಕು ತೆಗೆದಾಗ ಎಂಜಿನ್ ಇನ್ನೂ ಕುಸಿಯಿತು. ಮೂರು ತೆಗೆದರೆ ಅದಕ್ಕೆ ಗೊತ್ತೇ ಆಗಲಿಲ್ಲ. ನನ್ನ ಸಮಾಧಾನಕ್ಕೆ ಕಾಯಿಲನ್ನೂ ಪ್ಲಗ್ಗನ್ನೂ ಒಂದನೇ ಸಿಲಿಂಡರ್ ಜೊತೆ ಅದಲುಬದಲು ಮಾಡಿಸಿದರು. ದೂರು ಮೂರರಲ್ಲೇ ಉಳಿಯಿತು. ನನ್ನ ಕಾಯಿಲ್ ಕಥೆ ಅಲ್ಲಿಗೆ ಮುಗಿಯಿತು.

"ಈಗ ಗ್ಯಾಸ್‌ಗೆ ಹಾಕು" ಅಂದರು. ಅದೇ ನಡುಕ. ನಾನು ಸುಮ್ಮನಿದ್ದೆ, ಅವರು ಕಾಯುತ್ತಿದ್ದರು. ಆಮೇಲೆ ಹೊಳೆಯಿತು: ಗ್ಯಾಸ್ ಬರೋ ದಾರಿಯೇ ಬೇರೆ, ಪೆಟ್ರೋಲ್ ಬರೋ ದಾರಿಯೇ ಬೇರೆ. ಎರಡರಲ್ಲೂ ಅದೇ ಸಿಲಿಂಡರ್ ಸತ್ತರೆ ತಪ್ಪು ಇಂಧನದ್ದಾಗಿರೋದು ಕಷ್ಟ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸೋಪು ನೀರು ಸಿಂಪಡಿಸಿ ಗಾಳಿ ಎಳೆಯುತ್ತಿದೆಯಾ ನೋಡಿದೆವು, ಅದೂ ಇಲ್ಲ.

"ಉಳಿದಿದ್ದೇನು?"

"ಕಂಪ್ರೆಷನ್. ಆದರೆ ಅದನ್ನ ಅವರು ನೋಡಿದ್ದಾರಲ್ವಾ?"

"ಯಾವಾಗ ನೋಡಿದ್ದಾರೆ? ಗಾಡಿಗೆ ಜ್ವರ ಬರೋದು ಬಿಸಿಯಾದಾಗ. ಜ್ವರ ಇಲ್ಲದಾಗ ನೋಡಿದರೆ ಏನು ಸಿಗುತ್ತೆ?"

ಬೆರಳು ಸುಟ್ಟುಕೊಂಡು ಪ್ಲಗ್ ಬಿಚ್ಚಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿದರೆ ಒಂದನೇದು 175 ಪಿಎಸ್‌ಐ, ಎರಡು 170, ನಾಲ್ಕು 172. ಮೂರನೇದು 90. ನನಗೆ ರೋಮಾಂಚನ! ಮೇಸ್ತ್ರಿ ಮಾತ್ರ ಒಂದು ಚಮಚ ಎಂಜಿನ್ ಆಯಿಲ್ ಆ ಪ್ಲಗ್ ತೂತಿಗೆ ಬಿಡಿಸಿ ಮತ್ತೆ ನೋಡಿಸಿದರು. 95. ಪಿಸ್ಟನ್ ರಿಂಗ್ ಸವೆದಿದ್ದರೆ ಎಣ್ಣೆ ಸಂದನ್ನು ಮುಚ್ಚಿ ರೀಡಿಂಗ್ ಚೆನ್ನಾಗಿ ಏರಬೇಕಿತ್ತು. ಏರಲಿಲ್ಲ.

ಆಮೇಲಿನದು ನನಗೆ ಇವತ್ತಿಗೂ ಇಷ್ಟದ ಭಾಗ. ಮೂರನೇ ಪಿಸ್ಟನ್ ಕಂಪ್ರೆಷನ್ ಹೊಡೆತದ ತುತ್ತತುದಿಗೆ ಬರುವಂತೆ ಎಂಜಿನ್ ತಿರುಗಿಸಿ, ಎರಡೂ ವಾಲ್ವ್ ಮುಚ್ಚಿರೋ ಆ ಜಾಗದಲ್ಲಿ ಪಾನಾ ಹಾಕಿ ಕ್ರ್ಯಾಂಕ್ ಅಲುಗದಂತೆ ಹಿಡಿದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟೆವು. ಶೆಡ್‌ನಲ್ಲಿ ಎಲ್ಲರಿಗೂ ಸುಮ್ಮನಿರಿ ಅಂದರು. "ಗಾಳಿ ಎಲ್ಲಿಂದ ತಪ್ಪಿಸಿಕೊಳ್ತಿದೆ, ಹುಡುಕು." ಥ್ರಾಟಲ್ ಹತ್ತಿರ ಕಿವಿ ಇಟ್ಟೆ, ಸದ್ದಿಲ್ಲ. ಅಂದರೆ ಇನ್‌ಟೇಕ್ ವಾಲ್ವ್ ಸರಿ ಇದೆ. ಆಯಿಲ್ ಕ್ಯಾಪ್ ತೆಗೆದೆ, ಉಸಿರಿನಷ್ಟು ಗಾಳಿ. ಅದು ಎಲ್ಲಾ ಎಂಜಿನ್‌ನಲ್ಲೂ ಇರುತ್ತೆ. ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ ಇಲ್ಲ. ಗಾಡಿ ಹಿಂದೆ ಹೋಗಿ ಬಗ್ಗಿದೆ. ಸೈಲೆನ್ಸರ್ ಒಳಗಿಂದ ಹಾವು ಬುಸುಗುಟ್ಟಿದಂತೆ ಸದ್ದು.

"ಎಕ್ಸಾಸ್ಟ್ ವಾಲ್ವ್!" ಅಂತ ಕೂಗಿದೆ.

"ಸರಿ. ಹಾಗಾದರೆ ತಣ್ಣಗಿದ್ದಾಗ ಯಾಕೆ ಸೋರಲ್ಲ?"

ಉತ್ತರ ಗೊತ್ತಿರಲಿಲ್ಲ. ಗಾಡಿ ರಾತ್ರಿಯೆಲ್ಲಾ ನಿಂತಿತು, ನಾನೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಬೆಳಗ್ಗೆ ಟ್ಯಾಪೆಟ್ ಕವರ್ ಬಿಚ್ಚಿದೆವು. ಈ ಎಂಜಿನ್‌ನಲ್ಲಿ ವಾಲ್ವ್ ಕಡ್ಡಿಗೂ ಅದನ್ನ ಒತ್ತೋ ಟ್ಯಾಪೆಟ್ಟಿಗೂ ನಡುವಿನ ಗ್ಯಾಪನ್ನು ಸ್ಕ್ರೂ ತಿರುಗಿಸಿ ಇಡುವ ಹಳೇ ಥರದ ವ್ಯವಸ್ಥೆ. ಎಕ್ಸಾಸ್ಟ್‌ಗೆ ತಣ್ಣಗಿದ್ದಾಗ 0.30 ಮಿ.ಮೀ. ಇರಬೇಕು. ಬೇರೆ ಮೂರರಲ್ಲಿ 0.20 ಆಸುಪಾಸು ಇತ್ತು. ಮೂರನೇದರಲ್ಲಿ 0.05ರ ಫೀಲರ್ ಗೇಜ್ ಕೂಡ ಒಳಗೆ ಹೋಗಲಿಲ್ಲ.

ಆಗ ಮೇಸ್ತ್ರಿ ಕೂತು ಹೇಳಿದರು. ಗ್ಯಾಸ್ ಒಣ ಇಂಧನ, ಅದರಲ್ಲಿ ಓಡಿದರೆ ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕೂರೋ ಸೀಟು ಬೇಗ ಸವೆಯುತ್ತೆ. ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿಯುತ್ತೆ, ಗ್ಯಾಪ್ ಕಮ್ಮಿಯಾಗುತ್ತೆ. ಬಿಸಿಯಾದಾಗ ವಾಲ್ವ್ ಕಡ್ಡಿ ಉದ್ದವಾಗಿ ಉಳಿದ ಚೂರು ಗ್ಯಾಪನ್ನೂ ತಿಂದುಬಿಡುತ್ತೆ. ಮುಚ್ಚಬೇಕಾದ ಬಾಗಿಲು ಕೂದಲೆಳೆಯಷ್ಟು ತೆರೆದೇ ಇರುತ್ತೆ. ರೇಸ್ ಮಾಡಿದಾಗ ಸೋರೋಕೆ ಹೊತ್ತು ಸಿಗಲ್ಲ, ಅದಕ್ಕೇ ಮಿಸ್ಸಿಂಗ್ ಮಾಯ.

"ನಿನ್ನೆ ಮೂರರಲ್ಲಿ ಕೆಟ್ಟ ಸದ್ದಿಲ್ಲ ಅಂದೆಯಲ್ಲ? ಇನ್ನೊಂದು ಸಲ ಯೋಚನೆ ಮಾಡು. ಬೇರೆ ಮೂರು ಟ್ಯಾಪೆಟ್ ಟಿಕ್ ಟಿಕ್ ಅಂತಿದ್ದವು. ಇದು?"

ಇದು ಏನೂ ಅಂದಿರಲಿಲ್ಲ. ಗ್ಯಾಪೇ ಇಲ್ಲದ ಮೇಲೆ ಬಡಿದು ಸದ್ದು ಮಾಡೋದು ಹೇಗೆ? ಗಲಾಟೆ ಮಾಡುವವರನ್ನೇ ಹುಡುಕುತ್ತಿದ್ದ ನನಗೆ ಬಾಯಿ ಮುಚ್ಚಿಕೊಂಡಿದ್ದವನು ಕಾಣಲೇ ಇಲ್ಲ.

ಎಂಟೂ ವಾಲ್ವ್‌ಗಳ ಗ್ಯಾಪ್ ಇಟ್ಟೆವು. ಮೂರನೇ ಎಕ್ಸಾಸ್ಟ್‌ನ ಲಾಕ್ ನಟ್ ನನ್ನ ಕೈಲೇ ಬಿಗಿ ಮಾಡಿಸಿದರು. ಎರಡು ಸಲ ತಪ್ಪಿತು, ನಟ್ ಬಿಗಿಯುವಾಗ ಸ್ಕ್ರೂ ಕೂಡ ತಿರುಗಿಬಿಡುತ್ತೆ, ಹಾಳಾದ್ದು. ಇಪ್ಪತ್ತು ನಿಮಿಷ ಓಡಿಸಿ ಮತ್ತೆ ಬಿಸಿಯಲ್ಲೇ ಕಂಪ್ರೆಷನ್ ನೋಡಿದರೆ ಮೂರನೇದು 160. ವಾಲ್ವ್ ಇನ್ನೂ ಸುಟ್ಟಿರಲಿಲ್ಲ, ಅದೃಷ್ಟ. 10,000 ಕಿಲೋಮೀಟರಿಗೆ ಮತ್ತೆ ಗ್ಯಾಪ್ ನೋಡಿಸಿ, ಸೀಟು ಇದೇ ಥರ ಇಳಿಯುತ್ತಿದ್ದರೆ ಹೆಡ್ ಬಿಚ್ಚಲೇಬೇಕಾಗುತ್ತೆ ಅಂತ ಓನರ್‌ಗೆ ಮೇಸ್ತ್ರಿ ನೇರವಾಗಿ ಹೇಳಿದರು.

ಎರಡು ದಿನ ಬಿಟ್ಟು ಓನರ್ ಫೋನ್ ಮಾಡಿದರು. ಮಿಸ್ಸಿಂಗ್ ಪೂರ್ತಿ ಹೋಗಿದೆ, ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲು ಇಲ್ಲದ ಟಿಕ್ ಟಿಕ್ ಸದ್ದು ಬರ್ತಿದೆ, ಏನೋ ಲೂಸ್ ಬಿಟ್ಟಿದ್ದೀರಾ ಅಂತ ಕೇಳಿದರು.

ಮೇಸ್ತ್ರಿ ನಗುತ್ತಾ ಫೋನನ್ನು ನನ್ನ ಕೈಗೆ ಕೊಟ್ಟು, ಸ್ಕ್ರೂಡ್ರೈವರ್ ತೆಗೆದುಕೊಂಡು ಮುಂದಿನ ಗಾಡಿ ಕಡೆ ಹೋದರು.