‘ಎಲ್ಲವನ್ನೂ ಯುಟಿಸಿಯಲ್ಲಿಡಿ’ ಅನ್ನೋದು ಎಲ್ಲಿಯವರೆಗೆ ಸರಿ? – ಹತ್ತು ನಿಮಿಷಕ್ಕೆ ಇಳಿಸಿದ ಪ್ರತಿ

ವೇದಿಕೆಗೆ ಹೋಗೋ ಮೊದಲು ಓದಿಕೊಳ್ಳಲು

ಇದು ಇಪ್ಪತ್ತೈದು ನಿಮಿಷದ ಮಾತಾಗಿತ್ತು. ಸಿಕ್ಕಿರೋದು ಹತ್ತು, ಪ್ರಶ್ನೆಗಳಿಗೆ ಬೇರೆ ಸಮಯ ಇದೆ. ಒಂದೇ ವಾದ ಉಳಿಸಿದ್ದೇನೆ: ಆಗಿಹೋದ ಘಟನೆಗೆ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರೋ ಪ್ರಮಾಣ ಸಮಯ, ಸಾಕು; ಮುಂದಿನ ಅಪಾಯಿಂಟ್‌ಮೆಂಟಿಗೆ ಸಾಕಾಗಲ್ಲ. ಈ ವಾದಕ್ಕೆ ಆಧಾರವಾಗದ ಎಲ್ಲವೂ ಹೊರಗೆ. ಅಧಿಕ ಸೆಕೆಂಡು, 2038, ಸಮೋವಾ ಮೂರೂ ಕೊನೆಯ ಪುಟಕ್ಕೆ ಹೋಗಿವೆ. ಸಮೋವಾ ಬಿಡೋಕೆ ಮನಸ್ಸೇ ಬರಲಿಲ್ಲ, ಆದರೆ ಅದಕ್ಕೇ ಎರಡು ನಿಮಿಷ ಹೋಗುತ್ತಿತ್ತು.

ಒಂದೊಂದು ಭಾಗವನ್ನು ಶುರುಮಾಡೋ, ಮುಗಿಸೋ ವಾಕ್ಯಗಳೇ ದಾರಿ ತೋರಿಸೋ ವಾಕ್ಯಗಳು. ಅವನ್ನು ಬಾಯಿಪಾಠ ಮಾಡಿ, ಹಾಗೇ ಹೇಳಬೇಕು. ಉಳಿದದ್ದನ್ನು ಮಾತಿನ ಓಘಕ್ಕೆ ತಕ್ಕಂತೆ ಹೇಳಬಹುದು.

---

[0:00 – ಸ್ಲೈಡ್ 1: ಶೀರ್ಷಿಕೆ ಮಾತ್ರ]

ಎಲ್ಲರಿಗೂ ನಮಸ್ಕಾರ.

ಡೇಟಾಬೇಸಿನಲ್ಲಿ ಸಮಯ ಇಡೋದು ಹೇಗೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಒಂದೇ ಉತ್ತರ ಕೊಡುತ್ತೇವೆ: ಯುಟಿಸಿಯಲ್ಲಿಡಿ, ತೋರಿಸುವಾಗ ಸ್ಥಳೀಯ ಸಮಯಕ್ಕೆ ಬದಲಿಸಿ. ಒಳ್ಳೆಯ ಸಲಹೆ. ಆದರೆ ಅದು ಅರ್ಧ ಸಲಹೆ. ಉಳಿದರ್ಧ ಗೊತ್ತಿಲ್ಲದ ಕಾರಣ ಜನ ತಪ್ಪು ಹೊತ್ತಿಗೆ ಆಸ್ಪತ್ರೆಗೆ ಹೋಗುತ್ತಾರೆ, ತಪ್ಪು ಹೊತ್ತಿಗೆ ಸಂದರ್ಶನಕ್ಕೆ ಕೂರುತ್ತಾರೆ.

[ಸ್ಲೈಡ್ 2: ಮೂರು ಸಾಲು]

ಇವತ್ತು ಮೂರು ಭಾಗ. ಮೊದಲನೆಯದು, ಯುಟಿಸಿ ಎಲ್ಲಿ ಸರಿ. ಎರಡನೆಯದು, ಎಲ್ಲಿ ಕೈಕೊಡುತ್ತದೆ. ಇದೇ ದೊಡ್ಡ ಭಾಗ. ಮೂರನೆಯದು, ಟೇಬಲಿನಲ್ಲಿ ಏನು ಬದಲಿಸಬೇಕು.

[1:00 – ಸ್ಲೈಡ್ 3: ಅಕ್ಟೋಬರ್ ಕೊನೆಯ ಭಾನುವಾರ]

ಮೊದಲ ಭಾಗ: ಆಗಿಹೋದದ್ದು.

ಬರ್ಲಿನ್‌ನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ನಸುಕಿನ 3 ಗಂಟೆಗೆ ಗಡಿಯಾರವನ್ನು 2ಕ್ಕೆ ಹಿಂದೆ ತಿರುಗಿಸುತ್ತಾರೆ. ಅಂದರೆ ಆ ದಿನ 2:30 ಎರಡು ಸಲ ಬರುತ್ತದೆ. ನಿಮ್ಮ ಲಾಗ್‌ನಲ್ಲಿ ಬರೀ ‘2:30, ಹಣ ಪಾವತಿಯಾಯಿತು’ ಅಂತ ಇದ್ದರೆ ಅದು ಯಾವ 2:30? ಹೇಳೋಕೆ ಆಗಲ್ಲ. ಮೊದಲ ಸಲದ 2:45ಕ್ಕೆ ಆರ್ಡರ್, ಎರಡನೇ ಸಲದ 2:10ಕ್ಕೆ ಪಾವತಿ ಆಗಿದ್ದರೆ, ಆರ್ಡರ್ ಬರೋ ಮೊದಲೇ ಹಣ ಬಂದಂತೆ ಕಾಣುತ್ತದೆ.

ಯುಟಿಸಿಯಲ್ಲಿ ಈ ಗೊಂದಲ ಇಲ್ಲ. ಒಂದು 00:30, ಇನ್ನೊಂದು 01:30. ಆಗಿಹೋದ ಕ್ಷಣ ಬದಲಾಗಲ್ಲ, ಆದ್ದರಿಂದ ಅದನ್ನು ಬದಲಾಗದ ಅಳತೆಯಲ್ಲಿಡೋದೇ ಸರಿ. ಲಾಗ್, ಪಾವತಿ, ಲಾಗಿನ್, ಸೆನ್ಸರ್ ರೀಡಿಂಗ್ ಎಲ್ಲಕ್ಕೂ ಯುಟಿಸಿ. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಮೊದಲ ಭಾಗ ಇಷ್ಟೇ: ಆಗಿಹೋದದ್ದಕ್ಕೆ ಯುಟಿಸಿ. ಈಗ ಇನ್ನೂ ಆಗದೇ ಇರೋದರ ಕಡೆ ಬರೋಣ.

[2:30 – ಸ್ಲೈಡ್ 4: ಬೈರೂತ್, 27 ಮಾರ್ಚ್ 2023, ಬೆಳಿಗ್ಗೆ 9]

ಎರಡನೇ ಭಾಗ: ಮುಂದೆ ಆಗಬೇಕಾದದ್ದು.

ಒಂದು ಸನ್ನಿವೇಶ ಊಹಿಸಿಕೊಳ್ಳಿ. 2023ರ ಫೆಬ್ರವರಿ. ಬೈರೂತಿನ ಒಬ್ಬರು ಹಲ್ಲಿನ ಡಾಕ್ಟರ ಹತ್ತಿರ ಮಾರ್ಚ್ 27, ಸೋಮವಾರ ಬೆಳಿಗ್ಗೆ 9ಕ್ಕೆ ಅಪಾಯಿಂಟ್‌ಮೆಂಟ್ ತಗೊಂಡರು. ಅವತ್ತಿನ ನಿಯಮದ ಪ್ರಕಾರ ಮಾರ್ಚ್ 26ಕ್ಕೆ ಬೇಸಿಗೆ ಸಮಯ ಶುರುವಾಗಬೇಕು, ಅಂದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಬೇಕು. ಆಗ ಲೆಬನಾನ್ ಯುಟಿಸಿಗಿಂತ ಮೂರು ಗಂಟೆ ಮುಂದೆ. ಹಾಗಾಗಿ ಆ್ಯಪ್ 9ರಲ್ಲಿ 3 ಕಳೆದು ಹೀಗೆ ಬರೆದಿಟ್ಟಿತು:

```
2023-03-27T06:00:00Z
```

ಇಲ್ಲಿಯವರೆಗೆ ಯಾವ ತಪ್ಪೂ ಇಲ್ಲ.

*(ಒಂದು ಉಸಿರು ನಿಲ್ಲಿಸಿ.)*

ಗಡಿಯಾರ ಬದಲಿಸೋಕೆ ಕೆಲವೇ ದಿನ ಇರುವಾಗ ಸರ್ಕಾರ ಹೇಳಿತು: ಈ ಸಲ ಬೇಸಿಗೆ ಸಮಯ ಈಗಲೇ ಬೇಡ, ಏಪ್ರಿಲ್‌ನಲ್ಲಿ ನೋಡೋಣ. ಕೆಲವು ಸಂಸ್ಥೆಗಳು ಅದನ್ನು ಒಪ್ಪಿದವು. ಕೆಲವು ಒಪ್ಪದೆ ತಮ್ಮ ಗಡಿಯಾರ ಮುಂದಿಟ್ಟುಕೊಂಡವು. ಒಂದೇ ದೇಶದಲ್ಲಿ ಎರಡು ಸಮಯ. ಕೆಲವೇ ದಿನಗಳಲ್ಲಿ ಸರ್ಕಾರ ತನ್ನ ಆದೇಶವನ್ನು ಹಿಂದಕ್ಕೆ ತಗೊಂಡಿತು.

ಈ ನಡುವೆ ನಾವೆಲ್ಲ ಬಳಸೋ ಟೈಮ್ ಝೋನ್ ಡೇಟಾಬೇಸ್ ಏನು ಮಾಡಿತು ಗೊತ್ತಾ? ಹೊಸ ಆದೇಶವನ್ನು ಸೇರಿಸಿ `2023b` ಬಿಡುಗಡೆಯಾಯಿತು. ಆದೇಶ ವಾಪಸಾದ ಮೇಲೆ ಅದನ್ನು ತೆಗೆದುಹಾಕಿ `2023c` ಬಂತು. ಒಂದೇ ವಾರದೊಳಗೆ ಎರಡು ಬಿಡುಗಡೆ.

ಈಗ ನಮ್ಮ ರೋಗಿಗೆ ಬನ್ನಿ. ಫೋನಿನಲ್ಲಿ `2023b` ಇದೆ, ಅಂದರೆ ಲೆಬನಾನ್ ಯುಟಿಸಿಗಿಂತ ಎರಡು ಗಂಟೆ ಮಾತ್ರ ಮುಂದೆ. ಬರೆದಿಟ್ಟ 06:00 ಈಗ ಬೆಳಿಗ್ಗೆ 8 ಅಂತ ಕಾಣುತ್ತದೆ. ಡಾಕ್ಟರ ಬಾಗಿಲು ತೆರೆಯೋದು ಅವರ ಗೋಡೆ ಗಡಿಯಾರದ 9ಕ್ಕೆ. ರೋಗಿ ಕೇಳಿದ್ದು 9, ಡಾಕ್ಟರ್ ಒಪ್ಪಿದ್ದು 9. 8 ಅಂತ ಯಾರೂ ಹೇಳಿರಲಿಲ್ಲ. ಅದು ನಮ್ಮ ಕೋಡ್ ಹುಟ್ಟಿಸಿದ ಸಂಖ್ಯೆ.

ಡೇಟಾಬೇಸಿನಲ್ಲಿ ಬಗ್ ಇಲ್ಲ, ಲೈಬ್ರರಿಯಲ್ಲೂ ಬಗ್ ಇಲ್ಲ. ಜನ ಒಪ್ಪಿಕೊಂಡದ್ದು ‘ಬೈರೂತಿನ 9 ಗಂಟೆ’. ನಾವು ಉಳಿಸಿದ್ದು ಅದರಿಂದ ಲೆಕ್ಕ ಹಾಕಿದ ಉತ್ತರವನ್ನು, ಅದೂ ಫೆಬ್ರವರಿಯ ನಿಯಮದಲ್ಲಿ. ಮೂಲ ಪ್ರಶ್ನೆಯನ್ನು ಎಸೆದುಬಿಟ್ಟೆವು. ನಿಯಮ ಬದಲಾದಾಗ ಮತ್ತೆ ಲೆಕ್ಕ ಹಾಕೋಕೆ ಕೈಯಲ್ಲಿ ಏನೂ ಉಳಿಯಲಿಲ್ಲ.

[5:00 – ಇಲ್ಲಿ ಗಡಿಯಾರ ನೋಡಿ. 5:30 ದಾಟಿದ್ದರೆ ಸ್ಲೈಡ್ 5 ಬಿಟ್ಟು 6ಕ್ಕೆ ಹೋಗಿ.]

[ಸ್ಲೈಡ್ 5: ಪ್ರತಿ ಸೋಮವಾರ 9]

ಲೆಬನಾನ್ ಅಪರೂಪದ ಪ್ರಕರಣ ಅಂತ ಅನ್ನಿಸಬಹುದು. ಹಾಗಲ್ಲ. ರಷ್ಯಾ 2011ರಲ್ಲಿ ವರ್ಷವಿಡೀ ಬೇಸಿಗೆ ಸಮಯಕ್ಕೆ ಹೋಯಿತು, 2014ರಲ್ಲಿ ಅದನ್ನು ಕೈಬಿಟ್ಟಿತು. ಮೆಕ್ಸಿಕೋ 2022ರಲ್ಲಿ ದೇಶದ ಹೆಚ್ಚಿನ ಭಾಗದಲ್ಲಿ ಬೇಸಿಗೆ ಸಮಯ ನಿಲ್ಲಿಸಿತು. ಈಜಿಪ್ಟ್ 2023ರಲ್ಲಿ ಮತ್ತೆ ಶುರುಮಾಡಿತು.

ನಿಯಮ ಬದಲಾಗದಿದ್ದರೂ ತೊಂದರೆ ಇದೆ. ಬರ್ಲಿನ್‌ನಲ್ಲಿ ಪ್ರತಿ ಸೋಮವಾರ 9ಕ್ಕೆ ಮೀಟಿಂಗ್. ಜೂನ್‌ನಲ್ಲಿ ಅದು 07:00 ಯುಟಿಸಿ. ಅದಕ್ಕೆ ವಾರ ವಾರ ಏಳು ದಿನ ಕೂಡಿಸುತ್ತಾ ಹೋದರೆ, ನವೆಂಬರ್‌ನಲ್ಲಿ ಮೀಟಿಂಗ್ 8ಕ್ಕೆ ಬಂದು ನಿಂತಿರುತ್ತದೆ.

[6:00 – ಸ್ಲೈಡ್ 6: ಒಂದೇ ಪ್ರಶ್ನೆ]

ಎರಡನೇ ಭಾಗದಿಂದ ಒಂದು ಪ್ರಶ್ನೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ: ನಾಳೆ ಸರ್ಕಾರ ಗಡಿಯಾರ ಬದಲಿಸಿದರೆ, ಈ ಘಟನೆ ಗಡಿಯಾರದ ಜೊತೆ ಹೋಗಬೇಕಾ, ಇದ್ದಲ್ಲೇ ಇರಬೇಕಾ?

ಡಾಕ್ಟರ ಅಪಾಯಿಂಟ್‌ಮೆಂಟ್ ಗಡಿಯಾರದ ಜೊತೆ ಹೋಗುತ್ತದೆ. ಅಂಗಡಿ ತೆರೆಯೋ ಹೊತ್ತು, ಪರೀಕ್ಷೆ, ಅಲಾರಂ ಎಲ್ಲವೂ ಹಾಗೆಯೇ. ‘ಮೂವತ್ತು ನಿಮಿಷದಲ್ಲಿ ಈ ಒಟಿಪಿ ಹಳತಾಗುತ್ತದೆ’ ಅನ್ನೋದು ಮುಂದಿನದೇ ಆದರೂ ಇದ್ದಲ್ಲೇ ಇರುತ್ತದೆ. ಅದಕ್ಕೆ ಯುಟಿಸಿ ಸಾಕು.

ಈಗ ಮೂರನೇ ಮತ್ತು ಕೊನೆಯ ಭಾಗ: ಟೇಬಲಿನಲ್ಲಿ ಏನು ಬದಲಿಸಬೇಕು.

[6:45 – ಸ್ಲೈಡ್ 7: ಮೂರು ಕಾಲಂ]

```sql
starts_local  timestamp    -- 2027-06-14 09:00
zone_name     text         -- Europe/Berlin
starts_utc    timestamptz  -- 2027-06-14 07:00Z
```

ಮೊದಲ ಎರಡು ಕಾಲಂ ಮೂಲ. ಜನ ಏನು ಒಪ್ಪಿಕೊಂಡರೋ ಅದು ಅಲ್ಲಿದೆ. ಮೂರನೆಯದು ಲೆಕ್ಕ ಹಾಕಿದ್ದು, ವಿಂಗಡಿಸೋಕೆ, ಹುಡುಕೋಕೆ, ರಿಮೈಂಡರ್ ಕಳಿಸೋಕೆ. ಟೈಮ್ ಝೋನ್ ಡೇಟಾಬೇಸ್ ಅಪ್‌ಡೇಟ್ ಆದಾಗಲೆಲ್ಲ, ಮುಂದಿರೋ ಸಾಲುಗಳಿಗೆ ಮಾತ್ರ ಮೂರನೇ ಕಾಲಂ ಮತ್ತೆ ಲೆಕ್ಕ ಹಾಕಿ. ಒಂದು ಸಣ್ಣ ಜಾಬ್ ಬರೆದರೆ ಸಾಕು.

ಎರಡು ಕಡೆ ಜನ ಜಾಸ್ತಿ ಎಡವುತ್ತಾರೆ. ಒಂದು: `zone_name` ಜಾಗದಲ್ಲಿ `+02:00` ಇಡೋದು. ಅದು ಆ ಕ್ಷಣದ ವ್ಯತ್ಯಾಸ ಮಾತ್ರ. ಅದು ಯಾವ ಊರಿನದು, ಅಲ್ಲಿಯ ನಿಯಮ ಏನು ಅನ್ನೋದು ಅದರಲ್ಲಿಲ್ಲ. ಪೂರ್ತಿ ಹೆಸರೇ ಬೇಕು, `Europe/Berlin`.

ಇನ್ನೊಂದು: ಪೋಸ್ಟ್‌ಗ್ರೆಸ್‌ನ `timestamp with time zone`. ಹೆಸರು ನೋಡಿದರೆ ಝೋನ್ ಉಳಿಸುತ್ತದೆ ಅನ್ನಿಸುತ್ತದೆ, ಅಲ್ವಾ? ಉಳಿಸಲ್ಲ. ಒಳಬಂದದ್ದನ್ನು ಯುಟಿಸಿಗೆ ಬದಲಿಸಿ ಇಟ್ಟುಕೊಳ್ಳುತ್ತದೆ, ಝೋನ್ ಬಿಟ್ಟುಬಿಡುತ್ತದೆ. ಇದು ಗೊತ್ತಿಲ್ಲದೆ ನೆಮ್ಮದಿಯಾಗಿರೋ ತಂಡಗಳು ಬಹಳ ಇವೆ. ದಯವಿಟ್ಟು ಒಮ್ಮೆ ನೋಡಿಕೊಳ್ಳಿ.

[8:15 – ಸ್ಲೈಡ್ 8: ಕ್ಯಾಲೆಂಡರ್ ಫೈಲಿನ ಒಂದು ಸಾಲು]

ಇದು ನಾನು ಕಂಡುಹಿಡಿದದ್ದಲ್ಲ. ಕ್ಯಾಲೆಂಡರ್ ಆಹ್ವಾನದ ಫೈಲ್ ತೆರೆದು ನೋಡಿ:

```
DTSTART;TZID=Europe/Berlin:20270614T090000
```

ಸ್ಥಳೀಯ ಸಮಯ, ಜೊತೆಗೆ ಝೋನ್ ಹೆಸರು. ಕ್ಯಾಲೆಂಡರ್ ಮಾಡಿದವರಿಗೆ ಈ ಸಮಸ್ಯೆ ಮೊದಲೇ ಎದುರಾಗಿತ್ತು. ಅವರ ದಾರಿಯನ್ನೇ ನಾವೂ ಹಿಡಿಯೋಣ.

ಕೊನೆಯದಾಗಿ, ಆಫೀಸಿಗೆ ಹೋದ ಮೇಲೆ ಮಾಡಬೇಕಾದ ಒಂದೇ ಕೆಲಸ.

[8:50 – ಸ್ಲೈಡ್ 6 ಮತ್ತೆ]

ನಿಮ್ಮ ಸ್ಕೀಮಾದಲ್ಲಿರೋ ಸಮಯದ ಕಾಲಂಗಳ ಪಟ್ಟಿ ಮಾಡಿ. ಒಂದೊಂದಕ್ಕೂ ಈ ಪ್ರಶ್ನೆ ಕೇಳಿ. ‘ಗಡಿಯಾರದ ಜೊತೆ ಹೋಗಬೇಕು’ ಅನ್ನೋ ಉತ್ತರ ಬಂದು, ಪಕ್ಕದಲ್ಲಿ ಝೋನ್ ಹೆಸರು ಇಲ್ಲದಿದ್ದರೆ, ಅವತ್ತೇ ಒಂದು ಕಾಲಂ ಸೇರಿಸಿ. ಹಳೆಯ ಸಾಲುಗಳನ್ನು ನಿಧಾನವಾಗಿ ತುಂಬಬಹುದು. ಹೊಸ ಸಾಲುಗಳಲ್ಲಿ ಮಾಹಿತಿ ಕಳೆದುಹೋಗೋದು ಅವತ್ತೇ ನಿಲ್ಲಲಿ.

ಧನ್ಯವಾದ. ಪ್ರಶ್ನೆಗಳಿದ್ದರೆ ಕೇಳಿ.

[9:30 – ಮುಗಿಯಿತು. ಉಳಿದ ಅರ್ಧ ನಿಮಿಷ ಹಾಗೇ ಇರಲಿ, ಅದರಲ್ಲಿ ಏನನ್ನೂ ತುರುಕಬೇಡಿ.]

---

ಕತ್ತರಿಸಿದ್ದು – ಯಾರಾದರೂ ಕೇಳಿದರೆ ಮಾತ್ರ

*ಇಲ್ಲದೇ ಇರೋ ಸಮಯ:* ಬರ್ಲಿನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರ 2:30 ಬರೋದೇ ಇಲ್ಲ, 2ರಿಂದ ನೇರ 3ಕ್ಕೆ. ಯಾರಾದರೂ ಆ ಹೊತ್ತಿಗೆ ಬುಕ್ ಮಾಡಿದರೆ ಸುಮ್ನೆ ಮುಂದಕ್ಕೆ ತಳ್ಳಬೇಡಿ, ಅವರನ್ನೇ ಕೇಳಿ. (ಈ ಪ್ರಶ್ನೆ ಖಂಡಿತ ಬರುತ್ತದೆ.)

*ಎರಡು ದೇಶದ ಮೀಟಿಂಗ್:* ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಬದಲಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ನ್ಯೂಯಾರ್ಕ್ ಮತ್ತು ಬರ್ಲಿನ್ ನಡುವೆ ಆರು ಗಂಟೆಯ ಬದಲು ಐದು. ಯಾವ ಊರಿನ 9 ಮುಖ್ಯ ಅಂತ ಮೀಟಿಂಗ್ ಕರೆದವರು ತೀರ್ಮಾನಿಸಬೇಕು. ಆ ಊರಿನ ಝೋನ್ ಉಳಿಸಿ.

*ಸಮೋವಾ:* 2011ರ ಡಿಸೆಂಬರ್ 30 ಅಲ್ಲಿ ಬರಲೇ ಇಲ್ಲ. ದಿನಾಂಕ ರೇಖೆಯ ಇನ್ನೊಂದು ಬದಿಗೆ ಹೋದರು. ಅವತ್ತಿನ ಬುಕಿಂಗ್ ಇದ್ದರೆ ಯಾವ ಲೆಕ್ಕವೂ ಕಾಪಾಡಲ್ಲ, ಫೋನ್ ಮಾಡಿ ಮಾತಾಡಬೇಕು.

*ಅಧಿಕ ಸೆಕೆಂಡು:* 1972ರಿಂದ 27 ಸೇರಿಸಿದ್ದಾರೆ, ಕೊನೆಯದು 2016ರ ಡಿಸೆಂಬರ್ ಕೊನೆಗೆ. ನಮ್ಮ ಅಪಾಯಿಂಟ್‌ಮೆಂಟ್ ಟೇಬಲಿಗೆ ಇದರಿಂದ ತೊಂದರೆ ಇಲ್ಲ.

*2038:* 32 ಬಿಟ್‌ನ ಸೆಕೆಂಡ್ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಮುಖ್ಯ ವಿಷಯವೇ, ಆದರೆ ಬೇರೆ ಮಾತು. ಕೇಳಿದವರನ್ನು ಚಹಾ ವಿರಾಮದಲ್ಲಿ ಸಿಗೋಕೆ ಹೇಳಿ.