ಪ್ರಕರಣ ಅಧ್ಯಯನ ಪತ್ರಿಕೆಯ ಮರುಮೌಲ್ಯಮಾಪನ ಕೋರಿ ಮನವಿ ಪತ್ರ

ಮೈಸೂರು
ದಿನಾಂಕ: 12-11-2025

ಇವರಿಂದ,
ಚೈತ್ರಾ ಎಂ.ಎಸ್.
ಬಿ.ಕಾಂ. ಐದನೇ ಸೆಮಿಸ್ಟರ್, ‘ಬಿ’ ವಿಭಾಗ
ಹಾಜರಿ ಸಂಖ್ಯೆ 37

ಇವರಿಗೆ,
ಮಾರ್ಕೆಟಿಂಗ್ ಉಪನ್ಯಾಸಕರು
ವಾಣಿಜ್ಯ ವಿಭಾಗ
ಮೈಸೂರು

ವಿಷಯ: ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟ್ ಆಂತರಿಕ ಪರೀಕ್ಷೆಯ ಪ್ರಕರಣ ಅಧ್ಯಯನ ಪತ್ರಿಕೆಯಲ್ಲಿ ಅಂಕಗಳ ಕೂಡಿಕೆ ತಪ್ಪಿರುವ ಬಗ್ಗೆ ಹಾಗೂ 4(ಬಿ) ಉತ್ತರದ ಮರುಮೌಲ್ಯಮಾಪನ ಕೋರಿ.

ಮಾನ್ಯ ಮೇಡಂ,

ಸೋಮವಾರ ತರಗತಿಯಲ್ಲಿ ತಾವು ಉತ್ತರಪತ್ರಿಕೆಗಳನ್ನು ನೋಡಲು ಕೊಟ್ಟಾಗ ನನ್ನ ಪತ್ರಿಕೆಯಲ್ಲಿ ಎರಡು ವಿಷಯ ಗಮನಕ್ಕೆ ಬಂದವು. ಗಂಟೆ ಹೊಡೆಯುವ ಹೊತ್ತಾಗಿತ್ತು, ಸುತ್ತ ಎಲ್ಲರೂ ತಮ್ಮ ತಮ್ಮ ಅಂಕದ ಬಗ್ಗೆ ಕೇಳುತ್ತಿದ್ದರು. ಅಂಥ ಗದ್ದಲದಲ್ಲಿ ಹೇಳಿದರೆ ವಿಷಯ ಅರ್ಧಂಬರ್ಧ ಆಗುತ್ತದೆ ಎನಿಸಿತು. ತಮ್ಮ ಅನುಮತಿ ಪಡೆದು ಪುಟಗಳ ಫೋಟೋ ತೆಗೆದುಕೊಂಡೆ. ಪತ್ರಿಕೆಯನ್ನು ಆಗಲೇ ತಮ್ಮ ಕೈಗೆ ಒಪ್ಪಿಸಿದ್ದೇನೆ. ನೋಡಿದ ಮೇಲೆ ಅದರಲ್ಲಿ ನಾನು ಏನನ್ನೂ ಬರೆದಿಲ್ಲ, ತಿದ್ದಿಲ್ಲ.

ಮೊದಲನೆಯದು ಬರೀ ಕೂಡಿಕೆಯ ವಿಚಾರ. ಒಟ್ಟು 50 ಅಂಕಗಳ ಪತ್ರಿಕೆ. ಒಳಪುಟಗಳ ಅಂಚಿನಲ್ಲಿ ತಾವು ಕೆಂಪು ಶಾಯಿಯಲ್ಲಿ ಕೊಟ್ಟಿರುವ ಅಂಕಗಳು ಹೀಗಿವೆ: ಒಂದನೇ ಪ್ರಶ್ನೆಗೆ 6, ಎರಡನೆಯದಕ್ಕೆ 7½, 3(ಎ)ಗೆ 4, 3(ಬಿ)ಗೆ 4½, 4(ಎ)ಗೆ 5½, 4(ಬಿ)ಗೆ 3. ಇವನ್ನೆಲ್ಲ ಕೂಡಿದರೆ 30½ ಆಗುತ್ತದೆ. ಮುಖಪುಟದ ಚೌಕದಲ್ಲಿ ಮಾತ್ರ ಮೂರನೇ ಪ್ರಶ್ನೆಯ ಎದುರು 4 ಎಂದಷ್ಟೇ ಇದೆ. 3(ಬಿ) ಆರನೇ ಪುಟದಲ್ಲಿದೆ. ಐದನೇ ಪುಟದ 4 ಅಂಕ ಮುಖಪುಟಕ್ಕೆ ಬಂದಿದೆ, ಪುಟ ಮಗುಚಿದರೆ ಸಿಗುವ 4½ ಬಂದಿಲ್ಲ. ಹಾಗಾಗಿ ಒಟ್ಟು 26 ಎಂದು ನಮೂದಾಗಿದೆ. ನಾಲ್ಕನೇ ಪ್ರಶ್ನೆಯ ಎದುರು ಇರುವ 8½ ಸರಿಯಾಗಿಯೇ ಇದೆ, 5½ ಮತ್ತು 3 ಎರಡೂ ಅದರಲ್ಲಿ ಸೇರಿವೆ.

ಎಪ್ಪತ್ತಕ್ಕೂ ಹೆಚ್ಚು ಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ತಿದ್ದಿ ಕೊಟ್ಟಿದ್ದೀರಿ. ಅಷ್ಟರ ನಡುವೆಯೂ ಪ್ರತಿಯೊಬ್ಬರ ಪತ್ರಿಕೆಯಲ್ಲೂ ಅಂಚಿನಲ್ಲಿ ಒಂದೆರಡು ಸಾಲು ಟಿಪ್ಪಣಿ ಬರೆದಿದ್ದೀರಿ. ಬೇರೆ ವಿಷಯಗಳಲ್ಲಿ ನಮಗೆ ಸಿಗುವುದು ಅಂಕ ಮಾತ್ರ. ತಾವು ಟಿಪ್ಪಣಿ ಬರೆದಿದ್ದರಿಂದಲೇ ಮುಂದಿನ ವಿಷಯ ನನಗೆ ಗೊತ್ತಾಯಿತು. ಕೂಡಿಕೆಗಿಂತ ಅದೇ ನನಗೆ ಮುಖ್ಯ.

4(ಬಿ) ಉತ್ತರದ ಕೊನೆಯಲ್ಲಿ, ಎಂಟನೇ ಪುಟದ ತಳದಲ್ಲಿ, ತಾವು ಹೀಗೆ ಬರೆದಿದ್ದೀರಿ: ‘ಗುರಿ ಗ್ರಾಹಕರು ಯಾರು? ಯಾವ ಮಾರಾಟ ಮಾರ್ಗ? ಶಿಫಾರಸು ಅಪೂರ್ಣ.’ 12ಕ್ಕೆ 3 ಅಂಕ ಬಂದಿದೆ. ಎಂಟನೇ ಪುಟದವರೆಗೆ ಮಾತ್ರ ಓದಿದರೆ ಆ ಮಾತು ಸರಿ, 3 ಅಂಕವೂ ಸರಿ. ಆದರೆ ಉತ್ತರ ಅಲ್ಲಿಗೆ ಮುಗಿದಿಲ್ಲ ಮೇಡಂ. ಅದೇ ಪುಟದ ಕೊನೆಯ ಸಾಲಿನಲ್ಲಿ ‘ಮುಂದುವರಿದಿದೆ – ಹೆಚ್ಚುವರಿ ಹಾಳೆ’ ಎಂದು ಬರೆದಿದ್ದೇನೆ. ಮುಖಪುಟದಲ್ಲಿ ಹೆಚ್ಚುವರಿ ಹಾಳೆಗಳ ಸಂಖ್ಯೆ 1 ಎಂದು ನಮೂದಾಗಿದೆ, ಪಕ್ಕದಲ್ಲಿ ಕೊಠಡಿ ಮೇಲ್ವಿಚಾರಕರ ಸಹಿ ಇದೆ. ಹಾಳೆಯನ್ನು ಪತ್ರಿಕೆಯ ಹಿಂಬದಿಗೆ ದಾರದಿಂದ ಕಟ್ಟಿದೆ. ಅದರ ಎರಡೂ ಬದಿಯಲ್ಲಿ ಕೆಂಪು ಶಾಯಿಯ ಗುರುತು ಎಲ್ಲಿಯೂ ಇಲ್ಲ. ಅಲ್ಲಲ್ಲಿ ಅಡಿಗೆರೆಯೋ ಟಿಕ್ ಗುರುತೋ ಇದ್ದಿದ್ದರೆ, ಓದಿಯೇ 3 ಕೊಟ್ಟಿದ್ದಾರೆ ಎಂದು ಸುಮ್ಮನಾಗುತ್ತಿದ್ದೆ. ಆ ಹಾಳೆ ತಮ್ಮ ಕಣ್ಣಿಗೆ ಬಿದ್ದಿಲ್ಲ ಎಂದೇ ನನ್ನ ನಂಬಿಕೆ.

ತಾವು ಕೇಳಿರುವ ಎರಡು ಪ್ರಶ್ನೆಗಳಿಗೂ ಉತ್ತರ ಆ ಹಾಳೆಯಲ್ಲಿದೆ. ಹಾಗಾಗಿ ಅದರಲ್ಲಿ ಏನು ಬರೆದಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅಪ್ಪಣೆ ಕೊಡಬೇಕು.

ಮೈಸೂರು ಸ್ಯಾಂಡಲ್ ಸಾಬೂನು ಹೊಸ ತಲೆಮಾರಿನ ಗ್ರಾಹಕರನ್ನು ತಲುಪಬೇಕಾದರೆ ಏನು ಮಾಡಬೇಕು ಎಂಬುದು ಪ್ರಕರಣದ ಪ್ರಶ್ನೆ. ಯುದ್ಧದಿಂದಾಗಿ ಗಂಧದ ಕೊರಡಿನ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೊರಡಿನ ಬದಲು ಎಣ್ಣೆ ತೆಗೆದು ಮಾರುವ ದಾರಿ ಹಿಡಿದದ್ದು, ಆ ಎಣ್ಣೆಯಿಂದ ಸಾಬೂನು ಹುಟ್ಟಿದ್ದು, ಶರಭದ ಗುರುತು ಈವರೆಗೂ ಉಳಿದು ಬಂದಿರುವುದು, 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು, ಇವೆಲ್ಲ ಒಂದನೇ ಮತ್ತು ಎರಡನೇ ಉತ್ತರಗಳಲ್ಲಿವೆ. ಅವುಗಳಿಗೆ ತಾವು ಕೊಟ್ಟ ಅಂಕದ ಬಗ್ಗೆ ನನ್ನದೇನೂ ತಕರಾರಿಲ್ಲ.

3(ಬಿ)ಯಲ್ಲಿ ನಾನು ಎರಡು ಗ್ರಾಹಕ ವರ್ಗಗಳನ್ನು ಆರಿಸಿಕೊಂಡೆ. ಮೊದಲನೆಯದು ತಲೆತಲಾಂತರದಿಂದ ಇದೇ ಸಾಬೂನು ಕೊಳ್ಳುವ ಮನೆಗಳಲ್ಲಿ ಈಗ ಕಾಲೇಜಿಗೋ ಕೆಲಸಕ್ಕೋ ಊರು ಬಿಟ್ಟು ಹೋದ ಮಕ್ಕಳು. ಎರಡನೆಯದು ಮೈಸೂರಿಗೆ ಬಂದು ಊರಿಗೆ ಏನಾದರೂ ಒಯ್ಯಬೇಕೆಂದು ಹುಡುಕುವ ಪ್ರವಾಸಿಗರು. ಹೆಚ್ಚುವರಿ ಹಾಳೆಯಲ್ಲಿರುವ ಶಿಫಾರಸುಗಳೆಲ್ಲ ಇವರಿಬ್ಬರ ಸುತ್ತಲೇ ಇವೆ. ಶಿಫಾರಸು ಸಮಸ್ಯೆಯಿಂದ ಹುಟ್ಟಬೇಕು, ಹೊರಗಿನಿಂದ ಅಂಟಿಸಬಾರದು ಎಂದು ತಾವು ತರಗತಿಯಲ್ಲಿ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದೆ.

ಬೆಲೆ ಇಳಿಸಬಾರದು ಎಂಬುದು ನನ್ನ ಮೊದಲ ಶಿಫಾರಸು. ಗಂಧದೆಣ್ಣೆಯೇ ಈ ಸಾಬೂನಿನ ಜೀವಾಳ, ಅದು ದುಬಾರಿ ಕಚ್ಚಾವಸ್ತು. ಬೆಲೆ ಇಳಿಸಿದರೆ ಲಾಭದ ಅಂಚು ಕರಗುತ್ತದೆ, ಇಲ್ಲವೇ ಗುಣಮಟ್ಟಕ್ಕೆ ಕೈ ಹಾಕಬೇಕಾಗುತ್ತದೆ. ಎರಡೂ ಹಳೆಯ ಗ್ರಾಹಕರನ್ನು ದೂರ ಮಾಡುತ್ತವೆ. ಅದರ ಬದಲು ಪಿ.ಜಿ., ಹಾಸ್ಟೆಲುಗಳಲ್ಲಿರುವವರಿಗೆ ಚಿಕ್ಕ ಬಿಲ್ಲೆಯ ಪ್ಯಾಕ್‌ಗಳನ್ನು ಮುಂದಿಡಬೇಕು ಎಂದೆ. ಇದು ಪುಸ್ತಕದಿಂದ ಬಂದ ಮಾತಲ್ಲ. ಶ್ರೀರಂಗಪಟ್ಟಣದಲ್ಲಿ ನಮ್ಮ ಸೋದರಮಾವನ ಪ್ರಾವಿಜನ್ ಸ್ಟೋರ್ ಇದೆ, ರಜಾ ದಿನಗಳಲ್ಲಿ ಅಲ್ಲಿ ಕೂರುತ್ತೇನೆ. ಐವತ್ತು ದಾಟಿದವರು ಹೆಸರು ಹಿಡಿದೇ ಕೇಳುತ್ತಾರೆ, ಬೆಲೆ ವಿಚಾರಿಸುವುದಿಲ್ಲ. ಹುಡುಗ ಹುಡುಗಿಯರು ಕೈಗೆತ್ತಿಕೊಂಡು ಮೂಸಿ ನೋಡುತ್ತಾರೆ, ಬೆಲೆ ನೋಡಿ ವಾಪಸ್ ಇಡುತ್ತಾರೆ. ಅವರಿಗೆ ಪರಿಮಳ ಬೇಡವಾಗಿಲ್ಲ, ಒಮ್ಮೆ ಬಳಸಿ ನೋಡಲು ಅಷ್ಟು ಕೊಡುವುದು ಬೇಡವಾಗಿದೆ.

ಮಾರಾಟ ಮಾರ್ಗಕ್ಕೆ ಬಂದರೆ, ಪ್ರವಾಸಿಗರಿಗಾಗಿ ಅರಮನೆ ಸುತ್ತಮುತ್ತ, ದೇವರಾಜ ಮಾರುಕಟ್ಟೆ, ರೈಲು ನಿಲ್ದಾಣ ಮತ್ತು ದಸರಾ ವಸ್ತುಪ್ರದರ್ಶನದಲ್ಲಿ ಉಡುಗೊರೆ ಪೆಟ್ಟಿಗೆಗಳ ಮಾರಾಟವನ್ನು ಸೂಚಿಸಿದ್ದೇನೆ. ಪೆಟ್ಟಿಗೆಯ ಮೇಲೆ ಭೌಗೋಳಿಕ ಗುರುತು ಎದ್ದು ಕಾಣಬೇಕು. ಮೈಸೂರಿನ ಹೆಸರಿಟ್ಟುಕೊಂಡ ಗಂಧದ ವಸ್ತುಗಳು ಬೀದಿಬೀದಿಯಲ್ಲಿ ಸಿಗುವಾಗ ಹೊರಗಿನಿಂದ ಬಂದವರಿಗೆ ಅಸಲಿ ಯಾವುದು ಎಂದು ತಿಳಿಯುವುದಿಲ್ಲ. ಊರು ಬಿಟ್ಟ ಮಕ್ಕಳಿಗೆ ಆನ್‌ಲೈನ್ ಮತ್ತು ತಕ್ಷಣ ಮನೆಗೆ ತಲುಪಿಸುವ ಆ್ಯಪ್‌ಗಳ ಮಾರ್ಗ. ಉತ್ತರ ಭಾರತದಲ್ಲಿ ಒಂದೇ ಸಲ ಎಲ್ಲ ಕಿರಾಣಿ ಅಂಗಡಿಗಳಿಗೆ ನುಗ್ಗುವ ಬದಲು, ಕನ್ನಡಿಗರು ಹೆಚ್ಚಿರುವ ಕೆಲವು ನಗರಗಳಿಂದ ಆರಂಭಿಸಬೇಕು ಎಂದು ಕಾರಣ ಸಹಿತ ಬರೆದಿದ್ದೇನೆ.

ಕೊನೆಯದು ಜಾಹೀರಾತು. 2006ರಲ್ಲಿ ಮಹೇಂದ್ರ ಸಿಂಗ್ ಧೋನಿ, ಈ ವರ್ಷ 2 ವರ್ಷದ ಅವಧಿಗೆ 6.20 ಕೋಟಿ ರೂಪಾಯಿಗೆ ತಮನ್ನಾ ಭಾಟಿಯಾ ರಾಯಭಾರಿಯಾದದ್ದನ್ನು ಉದಾಹರಿಸಿದ್ದೇನೆ. ತಮನ್ನಾ ನೇಮಕವಾದಾಗ ಎಲ್ಲರೂ ಚರ್ಚಿಸಿದ್ದು ಕನ್ನಡದವರನ್ನೇ ಏಕೆ ಆರಿಸಲಿಲ್ಲ ಎಂದು. ಮಾರ್ಕೆಟಿಂಗ್ ವಿದ್ಯಾರ್ಥಿಯಾಗಿ ನಾನು ಬೇರೆ ಪ್ರಶ್ನೆ ಎತ್ತಿದ್ದೇನೆ: ಜಾಹೀರಾತು ನೋಡಿದ ಗ್ರಾಹಕರು ಮರುದಿನ ಅಂಗಡಿಗೆ ಹೋದರೆ ಅಲ್ಲಿ ಸರಕು ಇರುತ್ತದೆಯೇ? ಹೊಸ ಮಾರುಕಟ್ಟೆಯಲ್ಲಿ ಮೊದಲು ವಿತರಣೆ ಗಟ್ಟಿಯಾಗಬೇಕು, ಆಮೇಲೆ ತಾರೆಯ ಪ್ರಚಾರ. ಈ ಕ್ರಮ ತಪ್ಪಿದರೆ ಪ್ರಚಾರದಿಂದ ಹುಟ್ಟಿದ ಬೇಡಿಕೆ ಪಕ್ಕದಲ್ಲಿರುವ ಬೇರೆ ಕಂಪನಿಯ ಸಾಬೂನಿಗೆ ಹೋಗುತ್ತದೆ. ಇಡೀ ಉತ್ತರದಲ್ಲಿ ನನ್ನ ಸ್ವಂತ ಎನ್ನಬಹುದಾದ ವಾದ ಇದೊಂದೇ. ತಾವು ಒಪ್ಪದೇ ಇರಬಹುದು. ಒಪ್ಪದಿದ್ದರೆ ಏಕೆ ಎಂದು ತಮ್ಮಿಂದಲೇ ತಿಳಿಯಬೇಕೆಂಬ ಆಸೆ ನನಗಿದೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆರನೇ ಸೆಮಿಸ್ಟರ್‌ನಲ್ಲಿ ಮಾರ್ಕೆಟಿಂಗ್ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬಯಸುವವರಿಗೆ ಈ ಪತ್ರಿಕೆಯಲ್ಲಿ ಶೇ 60 ಅಂಕ ಇರಬೇಕು ಎಂದು ವಿಭಾಗದವರು ತಿಳಿಸಿದ್ದಾರೆ. ಅಂದರೆ 50ಕ್ಕೆ 30. 26 ಎಂದೇ ಉಳಿದರೆ ನನಗೆ ಆ ಅವಕಾಶ ಇಲ್ಲ. ಕೂಡಿಕೆ ಸರಿಯಾದರೆ 30½, ಅಲ್ಲಿಗೆ ನನ್ನ ಅರ್ಹತೆಯ ವಿಚಾರ ಮುಗಿಯಿತು. ಮನೆಯಲ್ಲಿ ಅಮ್ಮ ಕೂಡ ಅಷ್ಟೇ ಕೇಳು, ಸಾಕು ಎಂದರು. ಆದರೂ 4(ಬಿ)ಯನ್ನು ಮತ್ತೊಮ್ಮೆ ಓದಿ ಎಂದು ಕೇಳುತ್ತಿದ್ದೇನೆ. ನಾನು ಪ್ರಾಜೆಕ್ಟ್‌ಗೆ ಎತ್ತಿಕೊಳ್ಳಬೇಕೆಂದಿರುವುದು ಇದೇ ವಿತರಣೆಯ ವಿಷಯವನ್ನು. ಅದರ ಬಗ್ಗೆ ನಾನು ಮೊದಲ ಸಲ ಬರೆದ ಎರಡು ಪುಟ ಯಾರೂ ಓದದೆ ಕಟ್ಟಿನೊಳಗೆ ಸೇರುವುದು ನನಗೆ ಸಹಿಸಲಾಗುತ್ತಿಲ್ಲ.

ಆದ್ದರಿಂದ, 3(ಬಿ)ಯ 4½ ಅಂಕ ಸೇರಿಸಿ ಮುಖಪುಟದ ಒಟ್ಟು ಅಂಕವನ್ನು ಸರಿಪಡಿಸಬೇಕೆಂದೂ, ಹೆಚ್ಚುವರಿ ಹಾಳೆಯನ್ನು ಎಂಟನೇ ಪುಟದೊಂದಿಗೆ ಸೇರಿಸಿ ಓದಿ 4(ಬಿ)ಯ ಮೌಲ್ಯಮಾಪನವನ್ನು ಹೊಸದಾಗಿ ಮಾಡಬೇಕೆಂದೂ ಕೋರುತ್ತೇನೆ. 3(ಬಿ)ಗೂ 4(ಬಿ)ಗೂ ನೇರ ಸಂಬಂಧ ಇರುವುದರಿಂದ ಎರಡನ್ನೂ ಒಟ್ಟಿಗೆ ನೋಡಿದರೆ ಅನುಕೂಲ. ಹಾಗೆ ಓದಿದ ಮೇಲೆ 4(ಬಿ)ಗೆ ತಾವು ಎಷ್ಟು ಕೊಟ್ಟರೂ, ಈಗಿರುವ 3ಕ್ಕಿಂತ ಕಡಿಮೆ ಬಂದರೂ, ಅದೇ ನನ್ನ ಅಂಕ. ಮತ್ತೆ ಅರ್ಜಿ ಹಾಕುವುದಿಲ್ಲ.

ಆಂತರಿಕ ಅಂಕಗಳ ಪಟ್ಟಿಯನ್ನು ಮುಂದಿನ ಶುಕ್ರವಾರ, 21-11-2025ರಂದು ಕಚೇರಿಗೆ ಕೊಡಲಾಗುತ್ತದೆ ಎಂದು ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಪೋರ್ಟಲ್‌ಗೆ ಅಂಕ ಏರಿಸಿದ ಮೇಲೆ ತಿದ್ದುಪಡಿಗೆ ತಾವೇ ಪತ್ರ ಬರೆದು ಓಡಾಡಬೇಕಾಗುತ್ತದೆ, ಅದು ತಮಗೂ ತೊಂದರೆ. ಅದಕ್ಕೂ ಮೊದಲು ಬಿಡುವು ಮಾಡಿಕೊಂಡು ನೋಡಬೇಕಾಗಿ ಪ್ರಾರ್ಥನೆ. ನನ್ನನ್ನು ಕರೆಯುವುದಾದರೆ ಮಧ್ಯಾಹ್ನ ಎರಡು ಗಂಟೆಯ ನಂತರ ಯಾವ ದಿನವಾದರೂ ಸ್ಟಾಫ್ ರೂಮಿಗೆ ಬರುತ್ತೇನೆ. ಸಂಜೆ ಐದೂವರೆಯವರೆಗೂ ಕಾಲೇಜಿನಲ್ಲೇ ಇರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)
ಚೈತ್ರಾ ಎಂ.ಎಸ್.

ಲಗತ್ತು: ಉತ್ತರಪತ್ರಿಕೆಯ ಮುಖಪುಟ, 5, 6 ಮತ್ತು 8ನೇ ಪುಟಗಳು ಹಾಗೂ ಹೆಚ್ಚುವರಿ ಹಾಳೆಯ ಎರಡೂ ಬದಿಯ ಫೋಟೋ ಪ್ರತಿಗಳು.

ಪ್ರತಿ: ವಿಭಾಗದ ಮುಖ್ಯಸ್ಥರಿಗೆ, ತಾವು ಒಪ್ಪಿದರೆ ಮಾತ್ರ. ಸದ್ಯಕ್ಕೆ ಈ ಪತ್ರವನ್ನು ತಮಗಷ್ಟೇ ಸಲ್ಲಿಸಿದ್ದೇನೆ.