ವಿಷಯ: ಸೇರುವ ದಿನಾಂಕ ಜುಲೈ 14ಕ್ಕೆ ಬದಲಿಸಲು ಕೋರಿಕೆ

ನಮಸ್ಕಾರ ಮೇಡಂ,

ಆಫರ್ ಲೆಟರ್ ತಲುಪಿತು, ತುಂಬಾ ಖುಷಿಯಾಯಿತು. ಸಹಿ ಹಾಕಿದ ಪ್ರತಿಯನ್ನು ಇದರ ಜೊತೆಗೇ ಕಳಿಸಿದ್ದೇನೆ.

ಒಂದು ವಿಷಯ ಕೇಳಬೇಕಿತ್ತು. ಲೆಟರ್‌ನಲ್ಲಿ ಜುಲೈ 1ಕ್ಕೆ ಸೇರಬೇಕು ಎಂದಿದೆ. ನಾನು ಇಲ್ಲಿ ರಾಜೀನಾಮೆ ಕೊಟ್ಟಿದ್ದು ಮೇ 12ಕ್ಕೆ. ನೋಟಿಸ್ ಪೀರಿಯಡ್ 60 ದಿನ, ಹಾಗಾಗಿ ಜುಲೈ 10 ನನ್ನ ಕೊನೆಯ ದಿನ. ಉಳಿದ ರಜೆಯನ್ನು ಹೊಂದಿಸಿಕೊಂಡು ಬೇಗ ಬಿಡಿ ಎಂದು ಮ್ಯಾನೇಜರ್ ಹತ್ತಿರ ಎರಡು ಸಲ ಕೇಳಿದೆ, ಒಪ್ಪಲಿಲ್ಲ. ಅವರ ಕಷ್ಟವೂ ನಿಜವೇ. ಜೂನ್ ತಿಂಗಳ ಜಿಎಸ್‌ಟಿಆರ್-1 ಅನ್ನು ಜುಲೈ 11ರೊಳಗೆ ಸಲ್ಲಿಸಬೇಕು, ನನ್ನ ಜಾಗಕ್ಕೆ ಬರುವವರು ಇನ್ನೂ ಸೇರಿಲ್ಲ. ಲೆಕ್ಕ ಅರ್ಧಕ್ಕೆ ಬಿಟ್ಟು ಬರೋದು ನನಗೂ ಸರಿ ಕಾಣಲಿಲ್ಲ.

ಶುಕ್ರವಾರ ಹುಬ್ಬಳ್ಳಿಯಿಂದ ಹೊರಟು, ಶನಿವಾರ ಭಾನುವಾರದಲ್ಲಿ ಬೆಂಗಳೂರಿನಲ್ಲಿ ಮನೆ ಸಾಮಾನು ಜೋಡಿಸಿಕೊಳ್ಳುತ್ತೇನೆ. ಜುಲೈ 14, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಲು ಅವಕಾಶ ಕೊಡುತ್ತೀರಾ? ರಿಲೀವಿಂಗ್ ಲೆಟರ್ ಅವತ್ತೇ ತರುತ್ತೇನೆ.

ನಿಮ್ಮ ಪ್ಲಾನ್‌ಗೆ ತೊಂದರೆಯಾಗುತ್ತಿದ್ದರೆ ಕ್ಷಮಿಸಿ. ಅದಕ್ಕೂ ಮುಂಚೆ ಓದಿಕೊಳ್ಳುವುದು, ಫಾರಂ ತುಂಬುವುದು ಇದ್ದರೆ ಕಳಿಸಿಕೊಡಿ, ಸಂಜೆ ಹೊತ್ತು ಮುಗಿಸಿಡುತ್ತೇನೆ. ಒಪ್ಪಿಗೆಯಾದರೆ ಹೊಸ ದಿನಾಂಕವನ್ನು ಮೇಲ್‌ನಲ್ಲಿ ತಿಳಿಸಿ.

ವಂದನೆಗಳೊಂದಿಗೆ,
ಸುಷ್ಮಾ